16 ಗಂಟೆ ವಿಮಾನ, ಬಿಗಿಯೋ ಮುಖ: ಬ್ಯಾಗ್‌ನಲ್ಲಿ ಏನಿರಬೇಕು?

ಕಳೆದ ವರ್ಷ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನದಲ್ಲಿ ಹೋಗಿದ್ದೆ. 16 ಗಂಟೆಗೂ ಹೆಚ್ಚಿನ ಪ್ರಯಾಣ. ಮುಖ ಒಣಗಬಾರದು ಅಂತ ರೋಸ್ ವಾಟರ್ ಸ್ಪ್ರೇ ತಗೊಂಡು ಗಂಟೆಗೊಂದು ಸಲ ಹೊಡ್ಕೊಂಡೆ. ಇಳಿಯೋ ಹೊತ್ತಿಗೆ ನಕ್ಕರೆ ಕೆನ್ನೆ ಬಿಗಿಯುತ್ತಿತ್ತು, ಮೂಗಿನ ಪಕ್ಕ ಸಿಪ್ಪೆ ಏಳ್ತಿತ್ತು. ಅಷ್ಟೊಂದು ನೀರು ಹಾಕಿದ್ದೂ ಯಾಕೆ ಹೀಗಾಯ್ತು?

ವಿಮಾನ ಸುಮಾರು 35,000 ಅಡಿ ಎತ್ತರದಲ್ಲಿ ಹಾರುವಾಗ ಹೊರಗೆ ಮೈನಸ್ 50 ಡಿಗ್ರಿ ಆಸುಪಾಸಿನ ಚಳಿ. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಿನ ಅಂಶ ಇರೋದೇ ಇಲ್ಲ ಅನ್ನಬಹುದು. ಅದೇ ಗಾಳಿಯನ್ನು ಒತ್ತಿ, ಹದವಾದ ಶಾಖಕ್ಕೆ ತಂದು ಒಳಗೆ ಬಿಡ್ತಾರೆ. ಹಾಗಾಗಿ ಕ್ಯಾಬಿನ್‌ನ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಅಂಥ ಗಾಳಿ ಸಿಕ್ಕಲ್ಲೆಲ್ಲ ನೀರು ಹೀರುತ್ತೆ, ನಮ್ಮ ಚರ್ಮದ ಮೇಲ್ಪದರದಿಂದಲೂ ಹೀರುತ್ತೆ. ನಾನು ಹೊಡೆದ ಸ್ಪ್ರೇ ಎರಡು ನಿಮಿಷಕ್ಕೆ ಆರಿಹೋಗ್ತಿತ್ತು. ಅದನ್ನು ಹಿಡಿದಿಡೋಕೆ ಮೇಲೆ ಏನೂ ಇರಲಿಲ್ಲ. ತಪ್ಪು ಅಲ್ಲಿತ್ತು.

ಬರುವಾಗ ಕ್ರಮ ಬದಲಾಯಿಸಿದೆ. ಎರಡೇ ಡಬ್ಬಿ: ಗ್ಲಿಸರಿನ್ ಇರೋ, ವಾಸನೆ ಇಲ್ಲದ ಕ್ರೀಮ್, ಮತ್ತೆ ಅಂಗಡಿಯಲ್ಲಿ ಸಿಗೋ ಚಿಕ್ಕ ವ್ಯಾಸಲೀನ್. ಊಟ ಮುಗಿದು ದೀಪ ಆರಿಸಿದ ಮೇಲೆ ಟಾಯ್ಲೆಟ್‌ಗೆ ಹೋಗಿ ಮೊದಲು ಕೈ ತೊಳ್ಕೊಂಡೆ. ಮುಖಕ್ಕೆ ಸೋಪು ಹಾಕ್ಲಿಲ್ಲ, ಬಾಟಲಿಯ ಕುಡಿಯೋ ನೀರಿನಲ್ಲೇ ಒದ್ದೆ ಮಾಡ್ಕೊಂಡೆ. ಪೂರ್ತಿ ಒರೆಸದೆ, ಪಸೆ ಇರುವಾಗಲೇ ಕಡಲೆಕಾಳಿನಷ್ಟು ಕ್ರೀಮ್ ಹಚ್ಚಿದೆ. ಗ್ಲಿಸರಿನ್ ಆ ನೀರನ್ನು ಹಿಡ್ಕೊಳ್ಳುತ್ತೆ. ಅದರ ಮೇಲೆ ತುಟಿ, ಕೆನ್ನೆ, ಮೂಗಿನ ಅಂಚಿಗೆ ವ್ಯಾಸಲೀನ್ ತೆಳ್ಳಗೆ ಸವರಿದೆ. ಇದು ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ, ನೀರು ಆವಿಯಾಗೋದನ್ನು ತಡೆಯುತ್ತೆ. ಆರು ಗಂಟೆ ಬಿಟ್ಟು ಇನ್ನೊಮ್ಮೆ ಹೀಗೇ ಮಾಡಿದೆ. ಕೈಗೂ ಮರೀಬೇಡಿ, ಸ್ಯಾನಿಟೈಸರ್ ಹಾಕಿದಷ್ಟೂ ಕೈ ಬೇಗ ಒಣಗುತ್ತೆ.

ಹಾಗಾದ್ರೆ ಲೀಟರ್‌ಗಟ್ಟಲೆ ನೀರು ಕುಡಿದ್ರೆ ಸಾಲಲ್ವಾ ಅಂತ ಕೇಳ್ತೀರಿ. ಬಾಯಾರಿಕೆಗೆ ಕುಡೀರಿ. ಆದರೆ ಚರ್ಮದ ಮೇಲ್ಪದರ ಒಣಗ್ತಿರೋದು ಹೊರಗಿನ ಗಾಳಿಗೆ. ಹೊಟ್ಟೆಗೆ ಹೋದ ನೀರು ಅದನ್ನು ನಿಲ್ಲಿಸಲ್ಲ, ಪಕ್ಕದವರನ್ನ ಎಬ್ಬಿಸಿ ಟಾಯ್ಲೆಟ್‌ಗೆ ಓಡೋದು ಮಾತ್ರ ಜಾಸ್ತಿಯಾಗುತ್ತೆ!

ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಮಲಗೋ ಮುಂಚೆ ತೆಗೆದು ಕನ್ನಡಕ ಹಾಕ್ಕೊಳ್ಳಿ, ಕಣ್ಣೂ ಒಣಗುತ್ತೆ. ಮೊಡವೆ ಜಾಸ್ತಿ ಇರೋರು ವ್ಯಾಸಲೀನ್ ತುಟಿಗೆ, ಕೈಗೆ ಮಾತ್ರ ಇಟ್ಕೊಂಡು ಮುಖಕ್ಕೆ ಕ್ರೀಮ್ ಅಷ್ಟೇ ಹಚ್ಚಿ. ಚರ್ಮ ಬಿರಿದು ಉರಿ, ತುರಿಕೆ ಶುರುವಾಗಿ ಎರಡು ಮೂರು ದಿನವಾದ್ರೂ ಹೋಗದಿದ್ರೆ ಅದು ಬರೀ ವಿಮಾನದ ಒಣಗು ಅಲ್ಲದಿರಬಹುದು, ಡಾಕ್ಟರಿಗೆ ತೋರಿಸಿ.

ಇನ್ನು ಸೆಕ್ಯುರಿಟಿ ವಿಷಯ. ಅಂತರರಾಷ್ಟ್ರೀಯ ವಿಮಾನಕ್ಕೆ ಬೆಂಗಳೂರಲ್ಲಿ ಪ್ರತಿ ಡಬ್ಬಿ 100 ಮಿಲಿ ಒಳಗಿರಬೇಕು. ಅವರು ನೋಡೋದು ಡಬ್ಬಿಯ ಮೇಲೆ ಬರೆದಿರೋ ಅಳತೆ, ಒಳಗೆ ಉಳಿದಿರೋದನ್ನಲ್ಲ. ಹಾಗಾಗಿ ಅರ್ಧ ಖಾಲಿಯಾದ 200 ಮಿಲಿ ಟ್ಯೂಬ್ ಕೈಚೀಲದಲ್ಲಿ ಇಟ್ಕೋಬೇಡಿ. ನನ್ನದು ಒಂದು ಹಾಗೇ ಕಸದ ಬುಟ್ಟಿ ಸೇರಿದೆ.