ವರದಿ ತೆಗೆದರೆ ಕೌಂಟರ್ ನಿಲ್ಲಬೇಕೆ?

ಪತ್ತಿನ ಸಹಕಾರ ಸಂಘವೊಂದರ ತಂತ್ರಾಂಶ ಎಂದಿಟ್ಟುಕೊಳ್ಳಿ. ತಿಂಗಳ ಕೊನೆಗೆ ಬಾಕಿ ಸಾಲದ ವರದಿ ತೆಗೆಯಲು ಹೋದರೆ ಕೌಂಟರಿನಲ್ಲಿ ರಸೀದಿ ಮುದ್ರಣವೇ ತಡವಾಗುತ್ತದೆ. ಎರಡೂ ಕೆಲಸಕ್ಕೆ ಇರುವುದು ಒಂದೇ ಡೇಟಾಬೇಸ್. ವರದಿಯೋ ವರ್ಷಗಳ ವಹಿವಾಟನ್ನೆಲ್ಲ ಪ್ರತಿಸಲವೂ ಮೊದಲಿನಿಂದ ಕೂಡಿಸುತ್ತದೆ.

ಈ ಭಾಗವನ್ನು ಹೊಸದಾಗಿ ಬರೆಯುವ ಮುನ್ನ ಎಂಜಿನಿಯರುಗಳು ವಿನ್ಯಾಸ ದಾಖಲೆ ಸಿದ್ಧಪಡಿಸುತ್ತಾರೆ. ಇಲ್ಲಿ ಎರಡು ದಾರಿಗಳಿವೆ. ಡೇಟಾಬೇಸಿನ ನಕಲೊಂದನ್ನು ಇಟ್ಟು ವರದಿಯನ್ನು ಅಲ್ಲಿಂದ ತೆಗೆದರೆ ಕೌಂಟರ್ ನಿರಾಳ, ಕೋಡ್ ಕೂಡ ಹೆಚ್ಚು ಬದಲಾಗದು. ವರದಿ ಮಾತ್ರ ಮೊದಲಿನಷ್ಟೇ ನಿಧಾನ. ಇನ್ನೊಂದು, ಪ್ರತಿರಾತ್ರಿ ಆ ದಿನದ ಮೊತ್ತಗಳನ್ನು ಲೆಕ್ಕಹಾಕಿ ಸಾರಾಂಶ ಕೋಷ್ಟಕದಲ್ಲಿ ಇಡುವುದು. ವರದಿ ಬೇಗ ಸಿಗುತ್ತದೆ, ಆದರೆ ಇಂದಿನ ಜಮೆ ಅದರಲ್ಲಿ ಇರದು. ಇದಕ್ಕಿಂತ ದೊಡ್ಡ ತೊಡಕು ಹಿಂದಿನ ದಿನಾಂಕದ ತಿದ್ದುಪಡಿ. 3ನೇ ತಾರೀಖು ಜಮೆಯಾದ 5,000 ರೂಪಾಯಿ ಕಂತನ್ನು 20ರಂದು ರದ್ದು ಮಾಡಿದರೆ, 3ರ ಸಾರಾಂಶದಲ್ಲಿ ಆ ಹಣ ಹಾಗೆಯೇ ಉಳಿದು, ಬಾಕಿ 5,000 ಕಡಿಮೆ ಕಾಣುತ್ತದೆ. ತಿದ್ದಿದ ದಿನವನ್ನು ಗುರುತಿಸಿ ಮರುಲೆಕ್ಕ ಹಾಕುವ ಕ್ರಮ ದಾಖಲೆಯಲ್ಲಿ ಇರಲೇಬೇಕು.

ನನ್ನ ಮತ ಎರಡನೆಯ ದಾರಿಗೆ, ಒಂದು ಷರತ್ತಿನೊಂದಿಗೆ. ಎರಡು ತಿಂಗಳಾದರೂ ಹಳೆಯದೂ ಹೊಸದೂ ಜೊತೆಗೇ ಓಡಲಿ, ಪೈಸೆಗೆ ಪೈಸೆ ತಾಳೆ ನೋಡಿ. ಪ್ರತಿ ವ್ಯತ್ಯಾಸಕ್ಕೂ ಕಾರಣ ಸಿಗುವವರೆಗೆ ಹಳೆಯದನ್ನು ತೆಗೆಯಬೇಡಿ.