ಸವಳು ಹೊಲಕ್ಕೆ ಜಿಪ್ಸಂ ಸಾಲ: ಕೊಡಬೇಕೋ, ಬ್ಯಾಡೋ?

ನಂದಗಡ: ಇಲ್ಲಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರಿಗೆ ಈ ಬೇಸಿಗೆಯಲ್ಲಿ ಒಂದು ಪೇಚು ಬಂತು. ಮಗಳನ್ನು ಕೊಟ್ಟಿರುವುದು ನವಲಗುಂದ ತಾಲೂಕಿಗೆ. ಮಲಪ್ರಭಾ ಕಾಲುವೆಯ ಕೆಳಗೆ ಬೀಗರಿಗೆ ನಾಲ್ಕು ಎಕರೆ ಎರೆ ಹೊಲ. ಅದು ಸವಳು ಹಿಡಿದಿದೆ. ಜಿಪ್ಸಂ ಒಂದು ಲಾರಿ ಹೊಡೆಸಬೇಕು, ಒಂದಿಷ್ಟು ಕೈಗಡ ಕೊಡಿರಿ ಎಂದು ಬೀಗರು ಹೇಳಿ ಕಳಿಸಿದ್ದಾರೆ.

"ಪೇಪರಿನವರ, ರೊಕ್ಕ ಕೊಡಲಿಕ್ಕೆ ನನಗೇನೂ ಬ್ಯಾಸರ ಇಲ್ಲರಿ. ಆದರ ಆ ಲಾರಿ ಹೊಲಾ ಉಳಸ್ತದೋ ಇಲ್ಲೋ, ಅದನ್ನ ಹೇಳ್ರಿ" ಎಂದು ಅವರು ನಿಮ್ಮ ವರದಿಗಾರನನ್ನು ಕೇಳಿದರು. ಅವರ ಮಗ ಕಾಲೇಜಿನಲ್ಲಿದ್ದಾನೆ. ಭೂಮಿ ಹಾಳಾಗುವ ಬಗೆಯನ್ನು ಬರೆದುಕೊಂಡು ಬರಲು ಅವನಿಗೂ ಮಾಸ್ತರರು ಹೇಳಿದ್ದರಂತೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೂ ತಿಳಿದುಕೊಳ್ಳುವ ಆಸೆ. ಮೂವರೂ ಒಂದು ಭಾನುವಾರ ಬೈಲಹೊಂಗಲ, ಸವದತ್ತಿ ದಾರಿ ಹಿಡಿದು ಬಸ್ಸು ಹತ್ತಿದೆವು.

ನಮ್ಮ ಮಳೆ, ಅವರ ಉಪ್ಪು

ದಾರಿಯಲ್ಲಿ ಹುಡುಗ ಕೇಳಿದ: "ಅಣ್ಣಾರ, ನಮ್ಮ ಕಡೆ ಇಷ್ಟು ಮಳಿ ಆಗ್ತದ. ಇಲ್ಲ್ಯಾಕ ಸವಳಿಲ್ಲ?"

ಪ್ರಶ್ನೆ ಸರಿಯಾಗಿಯೇ ಇದೆ. ಖಾನಾಪುರ ಸೀಮೆಯ ಕೆಂಪು ನೆಲ ಇಳಿಜಾರಿನದು, ನೀರು ಬಸಿಯುವಂಥದು. ವರ್ಷಾ ವರ್ಷಾ ಬೀಳುವ ಜೋರು ಮಳೆ ಮಣ್ಣಿನ ಉಪ್ಪನ್ನು ತೊಳೆದು ಹಳ್ಳಕ್ಕೆ ಒಯ್ಯುತ್ತದೆ. ನವಲಗುಂದದ ಕಡೆ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನೆಲ ಸಮತಟ್ಟು, ಮಣ್ಣು ಎರೆ. ಎರೆ ಮಣ್ಣು ನೀರನ್ನು ಹಿಡಿಯುತ್ತದೆಯೇ ಹೊರತು ಕೆಳಗೆ ಬೇಗ ಬಿಡುವುದಿಲ್ಲ. ಅಲ್ಲಿಯ ಉಪ್ಪು ಕಾಲುವೆ ಬರುವ ಮೊದಲೂ ಇತ್ತು. ಆಗ ಆಳದಲ್ಲಿ ಮಲಗಿತ್ತು, ಬೇರಿನ ತಂಟೆಗೆ ಬರುತ್ತಿರಲಿಲ್ಲ.

ಮಲಪ್ರಭೆ ಹುಟ್ಟುವುದು ನಮ್ಮದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅದಕ್ಕೆ ಕಟ್ಟೆ ಬಿತ್ತು. 1970ರ ದಶಕದಲ್ಲಿ ಕಾಲುವೆಗೆ ನೀರು ಹರಿಯತೊಡಗಿತು. ಅಂದರೆ ನಮ್ಮೂರ ಮೇಲೆ ಬಿದ್ದ ಮಳೆಯೇ ಬೀಗರ ಹೊಲಕ್ಕೆ ಹೋಗುತ್ತದೆ. ಹೊಲ ಸುಧಾರಿಸಿತೆಂದು ಸರಕಾರ ಅಭಿವೃದ್ಧಿ ಕರವನ್ನೂ ಕೇಳಿತು. ಆ ಕರದ ವಿರುದ್ಧ ಎದ್ದ ಚಳವಳಿಯಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತದ್ದು ಈ ಭಾಗದವರಿಗೆ ಮರೆಯುವ ಮಾತಲ್ಲ.

ಸಿಹಿ ನೀರಿನ ಲೆಕ್ಕ

ಕಾಲುವೆ ನೀರು ಸಿಹಿ ಅಲ್ಲವೇ, ಅದರಲ್ಲಿ ಉಪ್ಪೆಲ್ಲಿಂದ ಬಂತು ಎಂದು ಅಂಗಡಿಯವರು ಹುಬ್ಬೇರಿಸಿದರು. ಅವರಿಗೆ ಅಂಗಡಿ ಲೆಕ್ಕದಲ್ಲೇ ಹೇಳಬೇಕಾಯಿತು.

ಲೀಟರು ನೀರಿಗೆ ಕಾಲು ಗ್ರಾಮು ಉಪ್ಪು ಎಂದು ಹಿಡಿಯಿರಿ. ನಾಲಿಗೆಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರು ಎತ್ತರದಷ್ಟು ನೀರು ಕೊಟ್ಟರೆ 40 ಲಕ್ಷ ಲೀಟರು ಆಯಿತು. ಕಬ್ಬಿಗೆ ಇದಕ್ಕಿಂತ ಹೆಚ್ಚೇ ಬೇಕು. 40 ಲಕ್ಷ ಲೀಟರಿನಲ್ಲಿ ಬಂದ ಉಪ್ಪು 1,000 ಕಿಲೋ, ಅಂದರೆ 50 ಕಿಲೋದ 20 ಚೀಲ. ಬೆಳೆ ನೀರನ್ನಷ್ಟೇ ಕುಡಿಯುತ್ತದೆ, ಬಿಸಿಲು ನೀರನ್ನಷ್ಟೇ ಎಳೆಯುತ್ತದೆ. ಉಪ್ಪನ್ನು ಇಬ್ಬರೂ ಹೊಲದಲ್ಲೇ ಬಿಡುತ್ತಾರೆ. "ಅಂದ್ರ ವರ್ಷಾ ಇಪ್ಪತ್ತು ಚೀಲ ಉಪ್ಪು ಆವಕ, ಜಾವಕ ಇಲ್ಲ" ಎಂದರು ಅಂಗಡಿಯವರು. ರೋಗವೆಲ್ಲ ಆ ಒಂದು ಮಾತಿನಲ್ಲಿದೆ.

ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಕಾಲುವೆಯಿಂದ ಜಿನುಗಿದ್ದು, ಮೇಲಿನ ಹೊಲದಲ್ಲಿ ಹೆಚ್ಚಾಗಿ ಬಿಟ್ಟದ್ದು, ಎಲ್ಲ ತಗ್ಗಿನ ಹೊಲದ ಅಡಿಗೆ ಸೇರುತ್ತದೆ. ಹಗುರ ನೀರಿನ ಬೆಳೆಗೆಂದು ಯೋಜಿಸಿದ ಕಾಲುವೆಯಲ್ಲಿ ಮೊದಲಿನವರು ನೀರು ಕಟ್ಟಿಕೊಂಡು ಕಬ್ಬು ಹಚ್ಚಿದರೆ ಕೊನೆಯವರಿಗೆ ನೀರಿಲ್ಲ, ನಡುವಿನ ತಗ್ಗಿನವರಿಗೆ ಜವಳು. ಅಡಿಯ ನೀರು ಮೇಲಿನಿಂದ ಎರಡು ಮೀಟರಿನೊಳಗೆ ಬಂತೆಂದರೆ ಆ ಭೂಮಿ ಜವಳು ಎಂಬುದು ಸರಕಾರಿ ಅಳತೆ. ಅಷ್ಟು ಹತ್ತಿರ ಬಂದ ನೀರನ್ನು ಎರೆ ಮಣ್ಣು ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆ ಎಳೆಯುತ್ತದೆ. ಮೇಲೆ ನೀರು ಆರಿ ಹೋಗುತ್ತದೆ, ಬಿಳಿ ಹಕ್ಕಳೆ ಉಳಿಯುತ್ತದೆ. ಹೀಗೆ ಜವಳು ಮೊದಲು, ಸವಳು ಅದರ ಹಿಂದೆ.

ಇದೇನು ಹೊಸ ಅನುಭವವಲ್ಲ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲೇ, 1885ರಲ್ಲಿ ಶುರುವಾದ ಪುಣೆ ಕಡೆಯ ನೀರಾ ಕಾಲುವೆಯ ಕಬ್ಬಿನ ಹೊಲಗಳು ಕೆಲವೇ ದಶಕಗಳಲ್ಲಿ ಹೀಗೆಯೇ ಕೆಟ್ಟಿದ್ದವು.

ಹೊಲದಲ್ಲಿ ಕಂಡದ್ದು

ಬೀಗರ ಹೊಲಕ್ಕೆ ಹೋದಾಗ ಬೆಳಿಗ್ಗೆ. ಹಳ್ಳದ ಕಡೆಯ ತಗ್ಗಿನಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಿತ್ತು. "ಮೊದಲ ಕಡ್ಲಿ ಹ್ವಾತ್ರಿ. ಆಮ್ಯಾಲ ಗೋಧಿ ತೇಪಿ ತೇಪಿ ಹುಟ್ಟಾಕ ಹತ್ತಿತು. ಈಗ ಹತ್ತಿನೂ ಎಲಿ ಅಂಚು ಸುಟ್ಟಾಂಗ ಆಗತಾವ" ಎಂದರು ಬೀಗರು. ಸವಳು ಬರುವ ಕ್ರಮವೇ ಅದು. ಕಡಲೆ ತೀರ ಸೂಕ್ಷ್ಮ, ಮೊದಲು ಸಾಯುತ್ತದೆ. ಗೋಧಿ ಸ್ವಲ್ಪ ತಡೆಯುತ್ತದೆ, ಹತ್ತಿ ಇನ್ನೂ ಹೆಚ್ಚು ತಡೆಯುತ್ತದೆ. ಹತ್ತಿಯೂ ಸೋತಿತೆಂದರೆ ರೋಗ ಬಲಿತಿದೆ.

ಬೈರಿಗೆಯಿಂದ ಎರಡು ಮೀಟರು ಆಳದ ತೂತು ಕೊರೆಸಿ, ಸಣ್ಣ ತೂತುಗಳಿರುವ ಪೈಪು ಇಳಿಸಿದೆವು. ಒಂದು ದಿನ ಬಿಟ್ಟು ದಾರಕ್ಕೆ ಕಲ್ಲು ಕಟ್ಟಿ ಅಳೆದರೆ ನೀರು 70 ಸೆಂಟಿಮೀಟರಿಗೇ ಸಿಕ್ಕಿತು. ಬೇಸಿಗೆಯಲ್ಲೇ ಹೀಗಾದರೆ ಮಳೆಗಾಲದಲ್ಲಿ ಎಷ್ಟು ಮೇಲೆ ಬಂದೀತು!

ಮಣ್ಣನ್ನು ಮೇಲಿನ ಒಂದು ಫೂಟಿನದು ಬೇರೆ, ಕೆಳಗಿನ ಒಂದು ಫೂಟಿನದು ಬೇರೆ ಚೀಲದಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಬರೀ ಬಿಳಿ ಹಕ್ಕಳೆ ಕೆರೆದು ಕಳಿಸಿದರೆ ಉತ್ತರ ತಪ್ಪು ಬರುತ್ತದೆ. ಚೀಟಿಯಲ್ಲಿ ಮೂರು ಅಂಕಿ ನೋಡಬೇಕು. ಉಪ್ಪಿನ ಅಳತೆಯಾದ ವಿದ್ಯುತ್ ವಾಹಕತೆ 4 ದಾಟಿದರೆ ಸವಳು. ಪಿ.ಎಚ್. ಎಂಟೂವರೆ ದಾಟಿ, ಮಣ್ಣಿಗೆ ಅಂಟಿಕೊಂಡ ಸೋಡಿಯಂ ಪಾಲು ನೂರಕ್ಕೆ 15 ಮೀರಿದರೆ ಅದು ಕ್ಷಾರ ಭೂಮಿ. ಕ್ಷಾರ ಭೂಮಿ ನೀರಿಗೆ ಬಾಯಿ ಬಿಡುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ. ಒಂದು ಎಚ್ಚರ: ಈ 4 ಎಂಬುದು ಮಣ್ಣನ್ನು ಕೆಸರಿನ ಹದಕ್ಕೆ ಕಲಸಿ ಹಿಂಡಿದ ನೀರಿನ ಅಳತೆ. ಹೆಚ್ಚು ನೀರಿನಲ್ಲಿ ಕಲಕಿ ಅಳೆದರೆ ಅಂಕಿ ಸಣ್ಣದಾಗಿ ಕಾಣುತ್ತದೆ. ಯಾವ ಪದ್ಧತಿ ಎಂದು ಕೇಳಿಕೊಳ್ಳಬೇಕು.

ಬೀಗರ ಮಣ್ಣಿಗೆ ಬಂದ ಅಂಕಿ: ವಾಹಕತೆ 9, ಪಿ.ಎಚ್. 8.1, ಸೋಡಿಯಂ ಪಾಲು ನೂರಕ್ಕೆ 10. ಅಂದರೆ ಬರೀ ಸವಳು, ಕ್ಷಾರವಲ್ಲ.

ಜಿಪ್ಸಂ ಯಾಕೆ ಬೇಡ?

ಜಿಪ್ಸಂ ಮಾಡುವ ಕೆಲಸ ಒಂದೇ. ಮಣ್ಣಿಗೆ ಅಂಟಿದ ಸೋಡಿಯಮ್ಮನ್ನು ಬಿಡಿಸಿ ಆ ಜಾಗದಲ್ಲಿ ಸುಣ್ಣದ ಅಂಶವನ್ನು ಕೂಡಿಸುವುದು. ಅಂಟಿದ್ದೇ ಹೆಚ್ಚಿಲ್ಲದಿದ್ದರೆ ಬಿಡಿಸುವುದೇನನ್ನು? ಜಿಪ್ಸಂ ತಾನೂ ಒಂದು ಲವಣವೇ. ಬಿಡಿಸಿದ ಸೋಡಿಯಂ ಆದರೂ ನೀರಿನ ಸಂಗಡ ಹೊರಗೆ ಹೋಗಬೇಕು. 70 ಸೆಂಟಿಮೀಟರಿನಲ್ಲಿ ನೀರು ನಿಂತ ಹೊಲದಲ್ಲಿ ಅದು ಹೋಗುವುದೆಲ್ಲಿಗೆ? ಮೋರಿ ಕಟ್ಟಿದ ಬಚ್ಚಲಿಗೆ ಎಷ್ಟು ಸೋಪು ಹಾಕಿದರೇನು!

ಆದ್ದರಿಂದ ಮೊದಲ ಕೆಲಸ ನೀರಿಗೆ ಹೊರದಾರಿ. ಬಸಿಗಾಲುವೆ ತೋಡಬಹುದು. ಆದರೆ ಎರೆ ಮಣ್ಣಿನ ದಂಡೆ ಕುಸಿಯುತ್ತದೆ, ಆಪು ಬೆಳೆದು ಮುಚ್ಚುತ್ತದೆ, ಹೊಲದ ಜಾಗವೂ ಹೋಗುತ್ತದೆ. ಬಾಳುವ ದಾರಿ ನೆಲದೊಳಗಿನ ಬಸಿ ಪೈಪು. ತೂತಿರುವ, ಸುಕ್ಕು ಸುಕ್ಕಾದ ಪಿ.ವಿ.ಸಿ. ಪೈಪಿಗೆ ಜಾಳಿ ಬಟ್ಟೆ ಸುತ್ತಿ, ಮೀಟರಿನ ಆಸುಪಾಸು ಆಳದಲ್ಲಿ, 30 ಮೀಟರಿಗೊಂದು ಸಾಲಿನಂತೆ ಹೂಳುತ್ತಾರೆ. ಹಾಗೆ ಎಕರೆಗೆ ಸುಮಾರು 135 ಮೀಟರು ಪೈಪು, ಬೀಗರ ನಾಲ್ಕು ಎಕರೆಗೆ 540 ಮೀಟರು ಆಯಿತು. ನೂರು ಮೀಟರಿಗೆ 10ರಿಂದ 20 ಸೆಂಟಿಮೀಟರು ಇಳಿಜಾರು ಇರಲೇಬೇಕು. ನಡುವೆ ಎಲ್ಲಿಯಾದರೂ ಪೈಪು ಜೋತು ಬಿದ್ದರೆ ಅಲ್ಲಿ ರಾಡಿ ಕೂತು ಸಾಲೆಲ್ಲ ಸತ್ತಂತೆ. ಈ ಸಾಲುಗಳು ದೊಡ್ಡ ಪೈಪಿಗೆ ಕೂಡಿ, ದೊಡ್ಡ ಪೈಪು ಹಳ್ಳಕ್ಕೆ ಬೀಳಬೇಕು. ಹಳ್ಳದ ನೀರು ಪೈಪಿನ ಬಾಯಿಗಿಂತ ಮೇಲಿದ್ದರೆ ಬಾವಿಯಂಥ ಗುಂಡಿಯಲ್ಲಿ ಕೂಡಿಸಿ ಪಂಪಿನಿಂದ ಎತ್ತಿ ಹಾಕುವುದೇ ಗತಿ.

ದಾರಿ ಆದ ಮೇಲೆ ತೊಳೆಯುವುದು. ಹೊಲ ಸಮ ಮಾಡಿ, ಸುತ್ತ ಗಟ್ಟಿ ಒಡ್ಡು ಹಾಕಿ, ನೀರು ನಿಲ್ಲಿಸಿ ಇಂಗಿಸಬೇಕು. ಒಂದು ಫೂಟು ಮಣ್ಣಿನ ಮೂಲಕ ಒಂದು ಫೂಟು ನೀರು ಹಾಯ್ದರೆ ಅಲ್ಲಿಯ ಉಪ್ಪಿನ ಐದರಲ್ಲಿ ನಾಲ್ಕು ಪಾಲು ಹೋಗುತ್ತದೆ ಎಂಬುದು ಅಂದಾಜಿನ ಲೆಕ್ಕ. ಎರೆಯಲ್ಲಿ ಒಮ್ಮೆಲೇ ನಿಲ್ಲಿಸುವುದಕ್ಕಿಂತ ಬಿಟ್ಟು ಬಿಟ್ಟು ನಿಲ್ಲಿಸುವುದು ಮೇಲು. ಅಲ್ಲಿಯ ಮಳೆಯೊಂದನ್ನೇ ನಂಬಿದರೆ ಎರಡು ಮೂರು ಹಂಗಾಮು ಹಿಡಿದೀತು. ಪೈಪಿನ ಬಾಯಿಯ ನೀರು ಮೊದಲು ಬಲು ಉಪ್ಪಾಗಿದ್ದು ಬರಬರುತ್ತ ಸಪ್ಪೆಯಾದರೆ, ತೂತಿನ ನೀರು ಮೀಟರಿನ ಕೆಳಗೆ ಇಳಿದರೆ, ಕೆಲಸ ನಡೆದಿದೆ ಎಂದು ತಿಳಿಯಬೇಕು. ಉಪ್ಪು ಹೋದ ಮೇಲೆ ಪಿ.ಎಚ್. ಏರಿ ಮಣ್ಣು ಬಿಗಿದುಕೊಳ್ಳುವುದೂ ಉಂಟು. ಆದ್ದರಿಂದ ಮತ್ತೊಮ್ಮೆ ಪರೀಕ್ಷೆ ಬೇಕು. ಜಿಪ್ಸಂಗೆ ಸರದಿ ಬಂದರೆ ಆಗ ಬರುತ್ತದೆ, ಅದೂ ಚೀಟಿ ಹೇಳಿದಷ್ಟೇ.

ತೊಡಕು ಎಲ್ಲಿ?

ತೊಡಕು ಪೈಪಿನದಲ್ಲ. ಬೀಗರ ಹೊಲಕ್ಕೂ ಹಳ್ಳಕ್ಕೂ ನಡುವೆ ಇನ್ನೊಬ್ಬರ ಹೊಲವಿದೆ. ದೊಡ್ಡ ಪೈಪು ಅಲ್ಲಿಂದಲೇ ಹಾಯಬೇಕು. ಮೇಲಿನವರು ಕಬ್ಬಿಗೆ ಬೇಕಾಬಿಟ್ಟಿ ನೀರು ಬಿಡುವುದು ನಿಲ್ಲದಿದ್ದರೆ ಪೈಪು ಅವರ ನೀರನ್ನೇ ಹೊತ್ತು ಸಾಕಾಗುತ್ತದೆ. ಖರ್ಚು ಎಕರೆಗೆ ಹತ್ತಾರು ಸಾವಿರ. ಹಳ್ಳಕ್ಕೆ ಬಿದ್ದ ಉಪ್ಪು ನೀರು ಕೆಳಗಿನ ಊರಿನವರ ದನಕ್ಕೆ, ಬೆಳೆಗೆ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಒಬ್ಬನೇ ಮಾಡುವ ಕೆಲಸ ಇದಲ್ಲ. ಹತ್ತು ಹೊಲದವರು ಕೂಡಿ ಕಾಡಾ ಕಚೇರಿಯ ಮೆಟ್ಟಿಲು ಹತ್ತಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರವೊಂದು ನವಲಗುಂದ ತಾಲೂಕಿನ ಬೆಳವಟಗಿಯಲ್ಲೇ ಇದೆ, ನೀರಿನ ಬಳಕೆಯನ್ನೇ ಅಭ್ಯಾಸ ಮಾಡುವಂಥದು. ಅಲ್ಲಿ ಕೇಳಿಕೊಂಡು ಹೋಗಬಹುದು.

ತಿರುಗಿ ಬರುವಾಗ ಸವದತ್ತಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಂಗಡಿಯವರು ತೀರ್ಪು ಹೇಳಿದರು: "ಲಾರಿಗೆ ರೊಕ್ಕ ಕೊಡೂದಿಲ್ಲ. ಕೆಳಗಿನ ಹೊಲದವರು ಪೈಪಿಗೆ ಹೂಂ ಅಂದ ದಿನಾ ಬೀಗರು ಬರಲಿ, ಅವತ್ತ ಕೊಡತೀನಿ."

ಮಗನ ಬರಹ ಮುಗಿದು ಮಾಸ್ತರರ ಕೈ ಸೇರಿದೆ. ಕೆಳಗಿನ ಹೊಲದವರು ಇನ್ನೂ ಹೂಂ ಅಂದಿಲ್ಲ.