ಅಮ್ಮನ ಟಿವಿಗೊಂದು ಚಿತ್ರದ ಚೀಟಿ

ಊರಿನ ಮನೆಯ ಟಿವಿಗೆ ಸ್ಟಿಕ್ ಸಿಕ್ಕಿಸಿ, ಯಕ್ಷಗಾನ ಹಾಕಿ ತೋರಿಸಿ, ನಗರಕ್ಕೆ ವಾಪಸಾದ ಮಕ್ಕಳಿಗೆ ಸ್ವಲ್ಪ ದಿನದಲ್ಲೇ ಅಮ್ಮನ ಫೋನ್ ಬರುತ್ತದೆ: "ಧಾರಾವಾಹಿ ಬರ್ತಾನೇ ಇಲ್ಲ ಕಣೋ, ಟಿವಿ ಹಾಳಾಗಿದೆ." ಟಿವಿ ಚೆನ್ನಾಗಿಯೇ ಇರುತ್ತದೆ, ಸೆಟ್ ಟಾಪ್ ಬಾಕ್ಸೂ ಚೆನ್ನಾಗಿಯೇ ಇರುತ್ತದೆ. ಟಿವಿ ಮಾತ್ರ ಇನ್ನೂ ಸ್ಟಿಕ್ ಕಡೆಗೇ ನೋಡುತ್ತಿರುತ್ತದೆ.

ಟಿವಿಯ ಹಿಂಬದಿಯಲ್ಲೋ ಪಕ್ಕದಲ್ಲೋ ಚಪ್ಪಟೆ ತೂತುಗಳಿರುತ್ತವೆ. ಒಂದರ ಪಕ್ಕ HDMI 1, ಇನ್ನೊಂದರ ಪಕ್ಕ HDMI 2 ಎಂದು ಬರೆದಿರುತ್ತದೆ. ಬಾಕ್ಸಿನ ವೈರು ಒಂದಕ್ಕೆ, ಸ್ಟಿಕ್ ಇನ್ನೊಂದಕ್ಕೆ. ಹಳೆಯ ಬಾಕ್ಸಾದರೆ ಕೆಂಪು, ಬಿಳಿ, ಹಳದಿ ಮೂತಿಯ ಮೂರು ವೈರುಗಳಲ್ಲಿ ಸೇರಿಕೊಂಡಿರಬಹುದು; ಅದರ ಹೆಸರು AV. ಟಿವಿ ಒಂದು ಹೊತ್ತಿಗೆ ಇವುಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ. ಯಾವುದನ್ನು ತೋರಿಸಬೇಕೆಂದು ಹೇಳುವ ಗುಂಡಿ ಟಿವಿಯ ಸ್ವಂತ ರಿಮೋಟಿನಲ್ಲಿರುತ್ತದೆ. ಕೆಲವು ಕಂಪನಿಗಳು ಅದಕ್ಕೆ Source ಎನ್ನುತ್ತವೆ, ಕೆಲವು Input ಎನ್ನುತ್ತವೆ. ಹಲವು ರಿಮೋಟುಗಳಲ್ಲಿ ಹೆಸರೇ ಇರದೆ, ಚೌಕದೊಳಗೆ ನುಗ್ಗುವ ಬಾಣದ ಗುರುತಷ್ಟೇ ಇರುತ್ತದೆ.

ಆ ಗುಂಡಿ ಒತ್ತಿದಾಗ ಪರದೆಯ ಮೇಲೊಂದು ಪಟ್ಟಿ ಬರುತ್ತದೆ: TV, AV, HDMI 1, HDMI 2. ಹಿರಿಯರು ಎಡವುವುದು ಇಲ್ಲೇ. ಅಮ್ಮನಿಗೆ ಬೇಕಾದದ್ದು ಟಿವಿ, ಪಟ್ಟಿಯಲ್ಲಿ TV ಎಂದೇ ಬರೆದಿದೆ, ಅದನ್ನೇ ಒತ್ತುತ್ತಾರೆ. ಆದರೆ ಅಲ್ಲಿ TV ಎಂದರೆ ಹಿಂದೆ ಮನೆ ಮೇಲಿರುತ್ತಿದ್ದ ಆಂಟೆನಾದ ದಾರಿ. ಆ ದಾರಿಗೆ ಈಗ ಏನನ್ನೂ ಜೋಡಿಸಿಲ್ಲವಾದ್ದರಿಂದ ಚಾನೆಲ್ ಇಲ್ಲ, ಹುಡುಕಲೇ ಎಂದು ಟಿವಿ ಕೇಳುತ್ತದೆ. ಅಮ್ಮ ಹೂಂ ಅಂದರೆ ಅದು ಹುಡುಕುತ್ತಾ ಕೂರುತ್ತದೆ. ಆದ್ದರಿಂದ ಚೀಟಿಯಲ್ಲಿ ಈ ಪಟ್ಟಿಯ ಚಿತ್ರ ಇರಲೇಬೇಕು. ಅದರಲ್ಲಿ TV ಎಂಬುದರ ಮೇಲೆ ದೊಡ್ಡದೊಂದು ಕಾಟು ಹೊಡೆದು, HDMI 1 ಎಂಬುದಕ್ಕೆ ಸುತ್ತು ಹಾಕಬೇಕು. ಇಂಗ್ಲಿಷ್ ಬಾರದವರೂ ಅಕ್ಷರದ ಆಕಾರ ಹೋಲಿಸಿ ನೋಡಬಲ್ಲರು. ಹಾಗಾಗಿ ಪರದೆಯ ಮೇಲೆ ಹೇಗಿದೆಯೋ ಹಾಗೆಯೇ, ಅದೇ ಕ್ರಮದಲ್ಲಿ ಬರೆಯಿರಿ.

ಇನ್ನೊಂದು ಸಂಗತಿ ತಿಳಿದರೆ ಚೀಟಿ ಅರ್ಧಕ್ಕೆ ಇಳಿಯುತ್ತದೆ. ಸ್ಟಿಕ್ಕಿನ ರಿಮೋಟಿನಲ್ಲಿರುವ ಮನೆಯ ಗುರುತು ಒತ್ತಿದರೆ ಎಷ್ಟೋ ಟಿವಿಗಳು ತಾವಾಗಿಯೇ ಸ್ಟಿಕ್ ಕಡೆ ತಿರುಗುತ್ತವೆ. HDMI ವೈರಿನ ಮೂಲಕವೇ ಸ್ಟಿಕ್ ಟಿವಿಗೆ "ನನ್ನನ್ನು ತೋರಿಸು" ಎಂದು ಹೇಳುವ ಏರ್ಪಾಡು ಅದು. ತಾಂತ್ರಿಕವಾಗಿ ಅದರ ಹೆಸರು CEC. ಸ್ಯಾಮ್‌ಸಂಗ್ ಟಿವಿಯ ಸೆಟ್ಟಿಂಗಿನಲ್ಲಿ Anynet+ ಎಂದೂ ಎಲ್‌ಜಿಯಲ್ಲಿ Simplink ಎಂದೂ ಕಾಣಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿರುವ ಹಲವು ಡಿಶ್ ಮತ್ತು ಕೇಬಲ್ ಬಾಕ್ಸುಗಳು ಹೀಗೆ ಹೇಳುವುದಿಲ್ಲ. ಅಂದರೆ ಹೋಗುವುದಕ್ಕೆ ಒಂದೇ ಗುಂಡಿ ಸಾಕು, ವಾಪಸ್ ಬರುವುದಕ್ಕೆ ಟಿವಿ ರಿಮೋಟೇ ಬೇಕು. ಯಾರೂ ಏನೂ ಮಾಡದೆ ಧಾರಾವಾಹಿ ಮಾಯವಾಯಿತು ಎಂಬ ದೂರಿಗೂ ಕಾರಣ ಹಲವು ಸಲ ಇದೇ. ಮಂಚದ ಮೇಲೆ ಬಿದ್ದಿದ್ದ ಸ್ಟಿಕ್ ರಿಮೋಟಿನ ಮೇಲೆ ಯಾರೋ ಕೂತಿರುತ್ತಾರೆ.

ಹಾಗಾಗಿ ಚೀಟಿಯ ಹೆಚ್ಚಿನ ಜಾಗ ವಾಪಸ್ ಬರುವ ದಾರಿಗೇ ಸಲ್ಲಬೇಕು. ಬಾಕ್ಸು HDMI 1ರಲ್ಲಿ, ಸ್ಟಿಕ್ HDMI 2ರಲ್ಲಿ ಇರುವ ಮನೆಗೆ ನಾನು ಬರೆದುಕೊಟ್ಟದ್ದು ಹೀಗಿದೆ. ಒಂದೊಂದು ಸಾಲಿನ ಎದುರಿಗೂ ಒಂದೊಂದು ಚಿತ್ರವಿದೆ.

ಧಾರಾವಾಹಿ ಬೇಕಾ?
೧. ಟಿವಿಯ ಉದ್ದನೆ ರಿಮೋಟು ತಗೋ. (ರಿಮೋಟಿನ ಚಿತ್ರ, ಕೆಂಪು ಚುಕ್ಕೆ)
೨. ಕೆಂಪು ಟಿಕ್ಲಿ ಇರುವ ಗುಂಡಿ ಒಂದು ಸಲ ಒತ್ತು. ಪಟ್ಟಿ ಬರುತ್ತೆ. (ಪಟ್ಟಿಯ ಚಿತ್ರ)
೩. ಬಾಣದ ಗುಂಡಿ ಒತ್ತಿ HDMI 1 ಮೇಲೆ ನಿಲ್ಲಿಸು. ನಡುವಿನ OK ಒತ್ತು.
೪. ಚಿತ್ರ ಬರಲಿಲ್ಲವಾ? ಬಾಕ್ಸಿನ ದೀಪ ನೋಡು. ಕೆಂಪಿದ್ದರೆ ಬಾಕ್ಸಿನ ರಿಮೋಟಿನ ಪವರ್ ಗುಂಡಿ ಒತ್ತು.

ಯಕ್ಷಗಾನ ಬೇಕಾ?
೫. ಚಿಕ್ಕ ಕರಿ ರಿಮೋಟು ತಗೋ. ನೀಲಿ ಟಿಕ್ಲಿ ಇರುವ ಮನೆ ಗುರುತು ಒತ್ತು. ಸ್ವಲ್ಪ ಹೊತ್ತು ಕಾಯಿ.

ಹಣೆಗಿಡುವ ಸ್ಟಿಕರ್ ಟಿಕ್ಲಿ ಈ ಕೆಲಸಕ್ಕೆ ಬಹಳ ಚೆನ್ನ. ಬೆರಳಿಗೆ ತಗಲುತ್ತದೆ, ಕನ್ನಡಕ ಹುಡುಕಬೇಕಿಲ್ಲ, ಉದುರಿದರೆ ಅಮ್ಮನ ಬಳಿಯೇ ಇನ್ನೊಂದು ಇರುತ್ತದೆ. ಚಿತ್ರದಲ್ಲಿ ರಿಮೋಟಿನ ಎಲ್ಲ ಗುಂಡಿಗಳನ್ನೂ ಬರೆಯಬೇಡಿ. ಹೊರಗೆರೆ ಎಳೆದು, ಬೇಕಾದ ಗುಂಡಿಗಳನ್ನಷ್ಟೇ ಅವು ಇರುವ ಜಾಗದಲ್ಲಿ ಹಾಕಿ. ಮೊಬೈಲಿನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕಿಸಿದರೆ ಮೂವತ್ತು ನಲವತ್ತು ಗುಂಡಿಗಳ ನಡುವೆ ಬೇಕಾದದ್ದೇ ಕಳೆದುಹೋಗುತ್ತದೆ.

ಬರೆಯುವ ಮೊದಲು ಆ ಟಿವಿಯ ಮುಂದೆಯೇ ಒಮ್ಮೆ ಮಾಡಿ ನೋಡಬೇಕು. ಕೆಲವು ಟಿವಿಗಳಲ್ಲಿ ಬಾಣದ ಬದಲು Source ಗುಂಡಿಯನ್ನೇ ಮತ್ತೆ ಮತ್ತೆ ಒತ್ತುತ್ತಾ ಕೆಳಗಿಳಿಯಬೇಕು. ಕೆಲವದರಲ್ಲಿ ಪಟ್ಟಿ ಕೆಲವೇ ಕ್ಷಣದಲ್ಲಿ ಮುಚ್ಚಿಹೋಗುತ್ತದೆ, ಅಷ್ಟರಲ್ಲಿ ಹಿರಿಯರ ಬೆರಳು ಬಾಣದ ಗುಂಡಿಗೆ ತಲುಪಿರುವುದಿಲ್ಲ. ಹಾಗಿದ್ದರೆ "ಪಟ್ಟಿ ಹೋದರೆ ಮತ್ತೆ ಎರಡನೇ ಚಿತ್ರದಿಂದ ಮಾಡು" ಎಂಬ ಸಾಲು ಸೇರಿಸಿ. ಬಾಕ್ಸಿನ ದೀಪದ ಬಣ್ಣವೂ ಎಲ್ಲ ಕಡೆ ಒಂದೇ ಇರುವುದಿಲ್ಲ, ನೋಡಿಯೇ ಬರೆಯಿರಿ. ಟಿವಿಯ ಯುಎಸ್‌ಬಿ ತೂತಿನಿಂದಲೇ ಸ್ಟಿಕ್ಕಿಗೆ ಕರೆಂಟು ಕೊಟ್ಟಿದ್ದರೆ, ಟಿವಿ ಆರಿಸಿದಾಗ ಅದೂ ಆರಿಹೋಗಿ, ಮತ್ತೆ ಹಾಕಿದಾಗ ಮೊದಲಿನಿಂದ ಏಳಬೇಕಾಗುತ್ತದೆ. ಆ ಹೊತ್ತಿನ ಕಪ್ಪು ಪರದೆ ಕಂಡು ಗಾಬರಿಯಾಗಿ ಅಮ್ಮ ಇನ್ನೇನೋ ಒತ್ತುತ್ತಾರೆ. ಸ್ಟಿಕ್ ಜೊತೆ ಬಂದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಮಳೆಗಾಲಕ್ಕೆಂದು ಚೀಟಿಯ ಕೆಳಗೆ ಇನ್ನೊಂದು ಚಿತ್ರ ಬೇಕು. ಬರಿಯ ಪರದೆಯ ಮೇಲೆ No Signal ಎಂಬೆರಡೇ ಪದ ಇದ್ದರೆ ಅದು ಟಿವಿ ಹೇಳುತ್ತಿರುವ ಮಾತು: ನಾನು ನೋಡುತ್ತಿರುವ ತೂತಿನಿಂದ ಏನೂ ಬರುತ್ತಿಲ್ಲ. ಆಗ ಎರಡು, ಮೂರು, ನಾಲ್ಕನೇ ಚಿತ್ರ ಸರಿ. ಆದರೆ ಪರದೆಯ ಮೇಲೆ ಡಿಶ್ ಕಂಪನಿಯ ಗುರುತು ಇದ್ದು, ಅದರ ಜೊತೆಗೆ ಸಿಗ್ನಲ್ ಇಲ್ಲವೆಂಬ ಸಂದೇಶ ಬಂದಿದ್ದರೆ ಆ ಮಾತು ಬಾಕ್ಸಿನದು. ಬಾಕ್ಸು ಮಾತಾಡುವುದು ಪರದೆಯ ಮೇಲೆ ಕಾಣುತ್ತಿದೆ ಎಂದಮೇಲೆ ಟಿವಿ ಸರಿಯಾದ ಕಡೆಗೇ ನೋಡುತ್ತಿದೆ ಎಂದರ್ಥ. ಜೋರು ಮಳೆಯಲ್ಲಿ ಉಪಗ್ರಹದ ತರಂಗ ಸೊರಗಿ ಹೀಗಾಗುತ್ತದೆ, ಮಳೆ ಇಳಿದ ಮೇಲೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಇಲ್ಲಿ ಕೆಂಪು ಟಿಕ್ಲಿ ಮುಟ್ಟಿದರೆ ಒಂದು ತೊಂದರೆ ಎರಡಾಗುತ್ತದೆ. ಹಾಗಾಗಿ ಕಂಪನಿಯ ಗುರುತಿನ ಚಿತ್ರ ಬರೆದು, ಪಕ್ಕದಲ್ಲಿ "ಏನೂ ಒತ್ತಬೇಡ, ಮಳೆ ನಿಲ್ಲಲಿ" ಎಂದು ಬರೆಯಿರಿ.

ಚಿತ್ರಗಳಿಗೆ ಸಂಖ್ಯೆ ಹಾಕಿದ್ದು ಫೋನಿಗಾಗಿ. "ಆ ಗುಂಡಿ, ಈ ಗುಂಡಿ" ಎಂದು ದೂರದಿಂದ ವಿವರಿಸುವುದು ಇಬ್ಬರಿಗೂ ಕಷ್ಟ. "ಪರದೆ ಮೇಲೆ ಈಗ ಏನು ಕಾಣ್ತಿದೆ, ಎಷ್ಟನೇ ಚಿತ್ರದ ಹಾಗಿದೆ?" ಎಂದು ಕೇಳಿದರೆ ಅಮ್ಮನಿಗೂ ಹೇಳುವುದು ಸುಲಭ. ಚೀಟಿಯ ಇನ್ನೊಂದು ಪ್ರತಿ ನಿಮ್ಮ ಮೊಬೈಲಿನಲ್ಲಿರಲಿ.

ಕೊನೆಯದಾಗಿ, ವೈರುಗಳಿಗೂ ಹೆಸರು ಬೇಕು. ರಿಪೇರಿಗೆ ಬಂದವರು ಅಥವಾ ಹಬ್ಬಕ್ಕೆ ಧೂಳು ಹೊಡೆದವರು ವೈರು ತೆಗೆದು ಅದಲು ಬದಲು ಸಿಕ್ಕಿಸಿದರೆ ಇಡೀ ಚೀಟಿ ಸುಳ್ಳಾಗುತ್ತದೆ. ಬಾಕ್ಸಿನ ವೈರಿನ ಮೂತಿಗೆ ಬಿಳಿ ಟೇಪ್ ಸುತ್ತಿ "ಬಾಕ್ಸ್, 1" ಎಂದೂ ಸ್ಟಿಕ್ಕಿನ ಮೇಲೆ "2" ಎಂದೂ ಬರೆದಿಡಿ. ಬರೆದದ್ದು ಅಳಿಸದಂತೆ ಮೇಲೆ ಪಾರದರ್ಶಕ ಟೇಪ್ ಇನ್ನೊಂದು ಸುತ್ತು ಬರಲಿ.